ಸರ್ವರ್ ಬದಲಾಯಿತು, ಗ್ರಾಹಕರು ಹಳೆಯ ಸರ್ವರಿಗೇ ಹೋಗುತ್ತಿದ್ದಾರೆ, ಏಕೆ?

ಪುಸ್ತಕ ಮಾರುವ ಒಂದು ವೆಬ್‌ಸೈಟ್ ಇದೆ ಎಂದುಕೊಳ್ಳಿ. ಅದರ ಮಾಲೀಕರು ಬೆಳಿಗ್ಗೆ 10 ಗಂಟೆಗೆ ಹೋಸ್ಟಿಂಗ್ ಬದಲಿಸಿ, ಡಿಎನ್‌ಎಸ್‌ನಲ್ಲಿದ್ದ 192.0.2.10 ಎಂಬ ಹಳೆಯ ಐಪಿ ವಿಳಾಸವನ್ನು ಅಳಿಸಿ 203.0.113.20 ಎಂದು ಬರೆದರು. ಮಧ್ಯಾಹ್ನದ ಹೊತ್ತಿಗೆ ನೋಡಿದರೆ ಕೆಲವು ಆರ್ಡರ್‌ಗಳು ಹೊಸ ಸರ್ವರಿಗೆ, ಇನ್ನು ಕೆಲವು ಹಳೆಯದಕ್ಕೆ ಬಂದಿವೆ. ಇಂಥ ಹೊತ್ತಿನಲ್ಲಿ ಕೇಳಿಬರುವ ನಾಲ್ಕು ಮಾತುಗಳನ್ನು ಪರಿಶೀಲಿಸೋಣ.

ತಪ್ಪು ಕಲ್ಪನೆ: ಹೊಸ ವಿಳಾಸ ಜಗತ್ತಿಗೆಲ್ಲ ಹರಡಲು 48 ಗಂಟೆ ಬೇಕು.

ಸತ್ಯ: ಯಾವುದೂ ಹರಡುವುದಿಲ್ಲ. ನಿಮ್ಮ ನೇಮ್‌ಸರ್ವರ್ ಹೊಸ ವಿಳಾಸವನ್ನು ತಾನಾಗಿ ಯಾರಿಗೂ ಕಳಿಸುವುದಿಲ್ಲ, ಕೇಳಿದವರಿಗೆ ಹೇಳುತ್ತದೆ ಅಷ್ಟೆ. ಕೇಳುವುದು ಗ್ರಾಹಕರ ಇಂಟರ್ನೆಟ್ ಕಂಪನಿಯ ರಿಸಾಲ್ವರ್. ಸಿಕ್ಕ ಉತ್ತರವನ್ನು ಅದು ತನ್ನ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬುದನ್ನು ಆ ಉತ್ತರದ ಜೊತೆಗೇ ಬರುವ ಟಿಟಿಎಲ್ ಎಂಬ ಸಂಖ್ಯೆ ತಿಳಿಸುತ್ತದೆ. ಅದು ಸೆಕೆಂಡುಗಳ ಲೆಕ್ಕ.

ನಮ್ಮ ಉದಾಹರಣೆಯಲ್ಲಿ ಟಿಟಿಎಲ್ 14400, ಅಂದರೆ 4 ಗಂಟೆ. ಬೆಳಿಗ್ಗೆ 7ಕ್ಕೆ ವಿಳಾಸ ಕೇಳಿದ್ದ ರಿಸಾಲ್ವರ್ 11ಕ್ಕೆ ಹಳೆಯದನ್ನು ಬಿಡುತ್ತದೆ. 9:50ಕ್ಕೆ ಕೇಳಿದ್ದು ಮಧ್ಯಾಹ್ನ 1:50ರವರೆಗೂ ಹಳೆಯದನ್ನೇ ಹೇಳುತ್ತದೆ. ಒಂದೇ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಬಳಸುವವರಿಗೆ ಹೊಸ ಸೈಟ್, ಮೊಬೈಲ್ ಡೇಟಾ ಬಳಸುವವರಿಗೆ ಹಳೆಯ ಸೈಟ್ ಕಾಣುವುದು ಹೀಗೆ. ಇದನ್ನು ನೀವೇ ನೋಡಬಹುದು:

```
dig example.com A @8.8.8.8
example.com.  9120  IN  A  192.0.2.10
```

ಇಲ್ಲಿ 9120 ಎಂಬುದು ಆ ಕ್ಯಾಶ್‌ನಲ್ಲಿ ಹಳೆಯ ಉತ್ತರಕ್ಕೆ ಉಳಿದಿರುವ ಆಯಸ್ಸು: 2 ಗಂಟೆ 32 ನಿಮಿಷ.

48 ಗಂಟೆಯ ಮಾತಿಗೂ ಒಂದು ಮೂಲವಿದೆ. .com ಹೆಸರುಗಳ ನೇಮ್‌ಸರ್ವರ್ ಯಾವುದು ಎಂಬ ಮಾಹಿತಿಗೆ ಮೇಲಿನ ಹಂತದಲ್ಲಿರುವ ಟಿಟಿಎಲ್ 172800 ಸೆಕೆಂಡು, ಸರಿಯಾಗಿ 2 ದಿನ. ನೇಮ್‌ಸರ್ವರನ್ನೇ ಬದಲಿಸಿದರೆ ಅದು ಲೆಕ್ಕಕ್ಕೆ ಬರುತ್ತದೆ. ಬರೀ ಐಪಿ ವಿಳಾಸ ಬದಲಿಸಿದವರಿಗೆ ಅದು ಅನ್ವಯಿಸದು.

ತಪ್ಪು ಕಲ್ಪನೆ: ಈಗ ಟಿಟಿಎಲ್ ಇಳಿಸಿದರೆ ಬೇಗ ಸರಿಹೋಗುತ್ತದೆ.

ಸತ್ಯ: ಕ್ಯಾಶ್‌ನಲ್ಲಿ ಕುಳಿತಿರುವ ಉತ್ತರ ಹಳೆಯ ಟಿಟಿಎಲ್ ಹೊತ್ತುಕೊಂಡೇ ಬಂದದ್ದು. ಈಗ 300 ಎಂದು ಬರೆದರೆ ಆ ರಿಸಾಲ್ವರಿಗೆ ಅದು ಗೊತ್ತಾಗುವುದು ಮುಂದಿನ ಸಲ ಕೇಳಿದಾಗಲೇ. ಆದ್ದರಿಂದ ಇಳಿಸುವ ಕೆಲಸ ಹಿಂದಿನ ದಿನವೇ ಆಗಬೇಕು. ಹಳೆಯ ಟಿಟಿಎಲ್‌ನಷ್ಟು ಹೊತ್ತು, ಇಲ್ಲಿ 4 ಗಂಟೆ, ಕಳೆದ ಮೇಲೆ ವಿಳಾಸ ಬದಲಿಸಿದರೆ ಬಹುತೇಕ ರಿಸಾಲ್ವರ್‌ಗಳು ಐದೇ ನಿಮಿಷದಲ್ಲಿ ಹೊಸದನ್ನು ಹಿಡಿಯುತ್ತವೆ.

ತಪ್ಪು ಕಲ್ಪನೆ: ನನ್ನ ಕಂಪ್ಯೂಟರಿನಲ್ಲಿ ಹೊಸ ಸೈಟ್ ಬಂತು, ಇನ್ನು ಎಲ್ಲರಿಗೂ ಬರುತ್ತದೆ.

ಸತ್ಯ: `ipconfig /flushdns` ಎಂಬ ಆದೇಶ ಅಳಿಸುವುದು ನಿಮ್ಮ ವಿಂಡೋಸ್ ಯಂತ್ರದ ಕ್ಯಾಶನ್ನು ಮಾತ್ರ. ರಿಸಾಲ್ವರಿನ ಕ್ಯಾಶ್ ಹಾಗೇ ಇರುತ್ತದೆ. ಪರೀಕ್ಷೆಗೆಂದು ಹೋಸ್ಟ್ಸ್ ಫೈಲಿನಲ್ಲಿ ಹೊಸ ಐಪಿ ಬರೆದುಕೊಂಡಿದ್ದರಂತೂ ಡಿಎನ್‌ಎಸ್ ತಪ್ಪಿದ್ದರೂ ನಿಮಗೆ ಮಾತ್ರ ಎಲ್ಲವೂ ಸರಿಯಾಗಿ ಕಾಣುತ್ತದೆ. ನಿಜ ಸ್ಥಿತಿ ತಿಳಿಯುವುದು ಹಳೆಯ ಸರ್ವರಿನ ಲಾಗ್‌ನಲ್ಲಿ. ಅಲ್ಲಿ ಬರುವ ಕೋರಿಕೆಗಳು ಗಂಟೆಗಂಟೆಗೂ ಇಳಿಯುತ್ತಿದ್ದರೆ ಅದು ಕ್ಯಾಶ್‌ನ ಪರಿಣಾಮ.

ತಪ್ಪು ಕಲ್ಪನೆ: ಇನ್ನಷ್ಟು ಕಾದರೆ ಎಲ್ಲವೂ ತಾನಾಗಿ ಸರಿಯಾಗುತ್ತದೆ.

ಸತ್ಯ: ಟಿಟಿಎಲ್ ಮುಗಿದು ದಿನ ಕಳೆದರೂ ಮೊಬೈಲ್ ಗ್ರಾಹಕರು ಹಳೆಯ ಸರ್ವರಿಗೇ ಹೋಗುತ್ತಿದ್ದರೆ ಕಾಯುವುದು ವ್ಯರ್ಥ. ಆಗ AAAA ರೆಕಾರ್ಡ್ ನೋಡಿ:

```
dig example.com AAAA
```

ಎ ರೆಕಾರ್ಡಿನಲ್ಲಿ ಐಪಿವಿ4 ವಿಳಾಸ, AAAA ರೆಕಾರ್ಡಿನಲ್ಲಿ ಐಪಿವಿ6 ವಿಳಾಸ ಇರುತ್ತದೆ. ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಮರೆಯುವುದು ಬಹಳ ಸಾಮಾನ್ಯ. ಭಾರತದ ಮೊಬೈಲ್ ಜಾಲಗಳಲ್ಲಿ ಐಪಿವಿ6 ವ್ಯಾಪಕವಾಗಿದೆ, ಎರಡೂ ಇದ್ದಲ್ಲಿ ಫೋನುಗಳು ಸಾಮಾನ್ಯವಾಗಿ ಐಪಿವಿ6 ಅನ್ನೇ ಮೊದಲು ಆರಿಸಿಕೊಳ್ಳುತ್ತವೆ. ಹೊಸ ಸರ್ವರಿಗೆ ಐಪಿವಿ6 ಇದ್ದರೆ ಆ ವಿಳಾಸ ಬರೆಯಿರಿ, ಇಲ್ಲದಿದ್ದರೆ ಹಳೆಯ AAAA ರೆಕಾರ್ಡನ್ನು ಅಳಿಸಿ.

ಕೊನೆಯದಾಗಿ ಒಂದು ಮನವಿ: ವಿಳಾಸ ಬದಲಿಸಿದ ಕೂಡಲೇ ಹಳೆಯ ಹೋಸ್ಟಿಂಗ್ ರದ್ದು ಮಾಡಬೇಡಿ. ಹಳೆಯ ಸರ್ವರಿನಲ್ಲಿ ಹೊಸ ಆರ್ಡರ್ ಸ್ವೀಕರಿಸುವುದನ್ನು ನಿಲ್ಲಿಸಿ, ಇಲ್ಲವೇ ಅಲ್ಲಿಗೆ ಬರುವ ಕೋರಿಕೆಗಳನ್ನು ಪ್ರಾಕ್ಸಿ ಮೂಲಕ ಹೊಸದಕ್ಕೆ ದಾಟಿಸಿ. ಲಾಗ್‌ನಲ್ಲಿ ಗ್ರಾಹಕರ ಸುಳಿವು ಪೂರ್ತಿ ನಿಂತ ಮೇಲಷ್ಟೇ ಅದನ್ನು ಮುಚ್ಚಿ.