ಘೋಷಣೆಯಾದ ಹಣ ಖರ್ಚಾಗುವವರೆಗೆ: ಒಂದು ಬಜೆಟ್‌ನ ಪ್ರಯಾಣ

ಪ್ರತಿ ವರ್ಷ ಫೆಬ್ರವರಿಯಲ್ಲಿ ಬಜೆಟ್ ಮಂಡನೆಯಾದ ಮರುದಿನ ತರಗತಿಯಲ್ಲಿ ಯಾರಾದರೊಬ್ಬರು ಒಂದು ಪ್ರಶ್ನೆ ಕೇಳುತ್ತಾರೆ. "ಸರ್, ಬಜೆಟ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಇಷ್ಟು ಕೋಟಿ ಎಂದು ಬರೆದಿದ್ದಾರಲ್ಲ, ಆ ಹಣ ಈಗ ಇಲಾಖೆಯ ಕೈಗೆ ಬಂತಾ?" ಉತ್ತರ, ಇಲ್ಲ ಎಂಬುದೇ. ಬಜೆಟ್ ಭಾಷಣ ಮುಗಿದ ದಿನ ಸರ್ಕಾರಕ್ಕೆ ಒಂದು ರೂಪಾಯಿ ಖರ್ಚು ಮಾಡುವ ಅಧಿಕಾರವೂ ಸಿಕ್ಕಿರುವುದಿಲ್ಲ. ಆ ಅಧಿಕಾರವನ್ನು ಕೊಡುವುದು ಶಾಸಕಾಂಗ. ಅದು ಕೊಟ್ಟ ಮೇಲೂ ಹಣ ಖರ್ಚಾಗಿಯೇ ತೀರುತ್ತದೆ ಎಂಬ ಖಾತ್ರಿಯಿಲ್ಲ.

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಸರ್ಕಾರದ ಬಜೆಟ್ ಕುರಿತ ಅಧ್ಯಾಯವನ್ನು ಓದುವಾಗ ಕಂದಾಯ ಖಾತೆ, ಬಂಡವಾಳ ಖಾತೆ, ಕೊರತೆಗಳ ಬಗೆಗಳನ್ನು ಕಲಿಯುತ್ತೇವೆ. ಆ ಅಂಕಿಗಳು ವರ್ಷವಿಡೀ ಹೇಗೆ ಚಲಿಸುತ್ತವೆ ಎಂಬುದನ್ನು ನೋಡಲು 2024-25ರ ಕೇಂದ್ರ ಬಜೆಟ್ ಒಳ್ಳೆಯ ಉದಾಹರಣೆ. ಅದು ಚುನಾವಣೆಯ ವರ್ಷ. ಹಾಗಾಗಿ ಲೇಖಾನುದಾನ, ಪೂರ್ಣ ಬಜೆಟ್, ಪೂರಕ ಅನುದಾನ ಎಲ್ಲವೂ ಒಂದೇ ವರ್ಷದಲ್ಲಿ ಕಾಣಸಿಗುತ್ತವೆ.

ತಯಾರಿ: ಆರು ತಿಂಗಳ ಮೊದಲೇ ಶುರು

ಬಜೆಟ್ ಸಿದ್ಧತೆ ಹಿಂದಿನ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೇ ಆರಂಭವಾಗುತ್ತದೆ. ಹಣಕಾಸು ಸಚಿವಾಲಯದ ಆರ್ಥಿಕ ವ್ಯವಹಾರಗಳ ಇಲಾಖೆಯಲ್ಲಿರುವ ಬಜೆಟ್ ವಿಭಾಗ ಎಲ್ಲ ಸಚಿವಾಲಯಗಳಿಗೂ ಸುತ್ತೋಲೆ ಕಳಿಸುತ್ತದೆ. ಪ್ರತಿ ಸಚಿವಾಲಯ ಎರಡು ಲೆಕ್ಕಗಳನ್ನು ಕೊಡಬೇಕು. ನಡೆಯುತ್ತಿರುವ ವರ್ಷದಲ್ಲಿ ನಿಜಕ್ಕೂ ಎಷ್ಟು ಖರ್ಚಾದೀತು ಎಂಬುದು ಒಂದು. ಅದನ್ನು ಪರಿಷ್ಕೃತ ಅಂದಾಜು ಎನ್ನುತ್ತಾರೆ. ಬರುವ ವರ್ಷಕ್ಕೆ ಎಷ್ಟು ಬೇಕು ಎಂಬುದು ಇನ್ನೊಂದು. ಅದು ಬಜೆಟ್ ಅಂದಾಜು. ನಂತರ ವೆಚ್ಚ ಕಾರ್ಯದರ್ಶಿಯವರ ಅಧ್ಯಕ್ಷತೆಯಲ್ಲಿ ಸಚಿವಾಲಯವಾರು ಸಭೆಗಳು ನಡೆಯುತ್ತವೆ. ಕೇಳಿದ್ದೆಲ್ಲ ಅಲ್ಲಿ ಸಿಗುವುದಿಲ್ಲ. ಹಿಂದಿನ ವರ್ಷ ಕೊಟ್ಟದ್ದನ್ನು ಖರ್ಚು ಮಾಡದ ಸಚಿವಾಲಯಕ್ಕೆ ಹೆಚ್ಚು ಕೇಳುವ ಬಾಯಿ ಇರುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಲೇಖಾನುದಾನ: ಮಧ್ಯಂತರ ಬಜೆಟ್‌ಗೆ ಇನ್ನೊಂದು ಹೆಸರಲ್ಲ

2024ರ ಫೆಬ್ರವರಿ 1ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಮಧ್ಯಂತರ ಬಜೆಟ್ ಮಂಡಿಸಿದರು. ಅದರಲ್ಲಿ ವರ್ಷದ ಒಟ್ಟು ವೆಚ್ಚ ಸುಮಾರು 47.66 ಲಕ್ಷ ಕೋಟಿ ರೂಪಾಯಿ ಎಂದು ಅಂದಾಜಿಸಲಾಗಿತ್ತು. ಆದರೆ ಏಪ್ರಿಲ್‌ನಲ್ಲಿ ಲೋಕಸಭಾ ಚುನಾವಣೆ ಶುರುವಾಗಲಿತ್ತು. ಹೋಗಲಿರುವ ಸದನ, ಬರಲಿರುವ ಸರ್ಕಾರದ ಇಡೀ ವರ್ಷದ ಖರ್ಚನ್ನು ತೀರ್ಮಾನಿಸುವುದು ಸರಿಯಲ್ಲ. ಹಾಗೆಂದು ಏಪ್ರಿಲ್ 1ರಂದು ಬೊಕ್ಕಸಕ್ಕೆ ಬೀಗ ಹಾಕಲೂ ಆಗದು. ಸೈನಿಕರ ಸಂಬಳ, ಪಿಂಚಣಿ, ರೈಲು ಎಲ್ಲವೂ ನಡೆಯಲೇಬೇಕು. ಸಂಚಿತ ನಿಧಿಯಿಂದ ಕಾನೂನಿನ ಒಪ್ಪಿಗೆಯಿಲ್ಲದೆ ಹಣ ತೆಗೆಯುವಂತಿಲ್ಲ ಎಂದು ಸಂವಿಧಾನ ಹೇಳುತ್ತದೆ.

ಈ ಇಕ್ಕಟ್ಟಿಗೆ ಸಂವಿಧಾನದ 116ನೇ ವಿಧಿಯೇ ದಾರಿ ತೋರಿಸಿದೆ. ಪೂರ್ಣ ಚರ್ಚೆ ಮುಗಿಯುವ ಮೊದಲು ವರ್ಷದ ಒಂದು ಭಾಗಕ್ಕೆ ಮಾತ್ರ ಮುಂಗಡವಾಗಿ ಹಣ ಮಂಜೂರು ಮಾಡುವುದೇ ಲೇಖಾನುದಾನ. ಒಂದು ಲೆಕ್ಕ ಹಾಕಿ ನೋಡೋಣ. ಒಂದು ಇಲಾಖೆಗೆ ವರ್ಷಕ್ಕೆ 1,200 ಕೋಟಿ ಬೇಕು ಎಂದಿಟ್ಟುಕೊಳ್ಳಿ. ಎರಡು ತಿಂಗಳ ಲೇಖಾನುದಾನವಾದರೆ ಆರನೇ ಒಂದು ಭಾಗ, ಅಂದರೆ 200 ಕೋಟಿ. ನಾಲ್ಕು ತಿಂಗಳಿಗಾದರೆ 400 ಕೋಟಿ. ಅದು ನಡೆಯುತ್ತಿರುವ ಕೆಲಸಗಳಿಗೆ ಮಾತ್ರ. ಹೊಸ ಯೋಜನೆಯನ್ನು ಈ ಹಣದಲ್ಲಿ ಸಾಮಾನ್ಯವಾಗಿ ಆರಂಭಿಸುವುದಿಲ್ಲ.

ಪರೀಕ್ಷೆಯಲ್ಲಿ ಹಲವರು ಎಡವುವುದು ಇಲ್ಲೇ. ಮಧ್ಯಂತರ ಬಜೆಟ್ ಎಂಬುದು ಆದಾಯ ಮತ್ತು ವೆಚ್ಚ ಎರಡನ್ನೂ ತೋರಿಸುವ ದಾಖಲೆ. ಲೇಖಾನುದಾನ ಎಂಬುದು ವೆಚ್ಚಕ್ಕೆ ಸದನ ಕೊಡುವ ಒಪ್ಪಿಗೆ. ತೆರಿಗೆಯ ಮಾತು ಅದರಲ್ಲಿ ಬರುವುದಿಲ್ಲ. ಅದಕ್ಕೆ ಹಣಕಾಸು ವಿಧೇಯಕ ಬೇರೆ ಬೇಕು. ಚುನಾವಣೆಯಿಲ್ಲದ ವರ್ಷಗಳಲ್ಲೂ ಲೇಖಾನುದಾನ ಬೇಕಾಗಬಹುದು. 2017ಕ್ಕಿಂತ ಮೊದಲು ಕೇಂದ್ರ ಬಜೆಟ್ ಫೆಬ್ರವರಿ ಕೊನೆಯಲ್ಲಿ ಮಂಡನೆಯಾಗುತ್ತಿತ್ತು. ಚರ್ಚೆ ಮಾರ್ಚ್ ದಾಟುತ್ತಿದ್ದರಿಂದ ಲೇಖಾನುದಾನ ವಾಡಿಕೆಯೇ ಆಗಿತ್ತು. ಮಂಡನೆಯನ್ನು ಫೆಬ್ರವರಿ 1ಕ್ಕೆ ಹಿಂದಕ್ಕೆ ತಂದದ್ದರ ಒಂದು ಉದ್ದೇಶ, ಮಾರ್ಚ್ 31ರೊಳಗೆ ಪೂರ್ಣ ಒಪ್ಪಿಗೆ ಪಡೆಯುವುದು.

ನಮ್ಮ ರಾಜ್ಯದಲ್ಲೂ ಹೀಗೆ ಒಂದೇ ವರ್ಷಕ್ಕೆ ಎರಡು ಬಜೆಟ್ ಬಂದದ್ದಿದೆ. 2018ರ ಫೆಬ್ರವರಿಯಲ್ಲಿ ಸಿದ್ದರಾಮಯ್ಯನವರು ಬಜೆಟ್ ಮಂಡಿಸಿದ್ದರು. ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ನಡೆದು, ಜುಲೈನಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಮತ್ತೊಂದು ಬಜೆಟ್ ಮಂಡಿಸಿದರು.

ಪೂರ್ಣ ಒಪ್ಪಿಗೆ: ಬೇಡಿಕೆ, ಮತ, ವಿಧೇಯಕ

ಚುನಾವಣೆ ಮುಗಿದು, 2024ರ ಜುಲೈ 23ರಂದು ಪೂರ್ಣ ಬಜೆಟ್ ಮಂಡನೆಯಾಯಿತು. ಒಟ್ಟು ವೆಚ್ಚದ ಅಂದಾಜು ಸುಮಾರು 48.21 ಲಕ್ಷ ಕೋಟಿಗೆ ಏರಿತು.

ಈ ಮೊತ್ತದ ಎಲ್ಲ ಭಾಗಕ್ಕೂ ಮತದಾನ ನಡೆಯುವುದಿಲ್ಲ. ಸಾಲದ ಬಡ್ಡಿ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಸಂಬಳ, ರಾಷ್ಟ್ರಪತಿಗಳ ವೇತನ ಮುಂತಾದವನ್ನು ಸಂವಿಧಾನವೇ ಸಂಚಿತ ನಿಧಿಯ ಮೇಲೆ ಹೊರಿಸಿದೆ. ಅವುಗಳ ಬಗ್ಗೆ ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಉಳಿದದ್ದು ಅನುದಾನದ ಬೇಡಿಕೆಗಳ ರೂಪದಲ್ಲಿ ಲೋಕಸಭೆಗೆ ಬರುತ್ತದೆ. ರಾಜ್ಯಸಭೆ ಚರ್ಚಿಸಬಹುದಾದರೂ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ಲೋಕಸಭೆಗೆ ಮಾತ್ರ. ಬೇಡಿಕೆಯನ್ನು ಒಪ್ಪದ ಸದಸ್ಯರು ಕಡಿತ ನಿರ್ಣಯ ಮಂಡಿಸಬಹುದು. ನೀತಿಯನ್ನೇ ವಿರೋಧಿಸುವವರು ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಎನ್ನುತ್ತಾರೆ. ಒಂದು ನಿರ್ದಿಷ್ಟ ಕುಂದುಕೊರತೆಯತ್ತ ಗಮನ ಸೆಳೆಯುವವರು ನೂರು ರೂಪಾಯಿ ಕಡಿಮೆ ಮಾಡಿ ಎನ್ನುತ್ತಾರೆ.

ಸಮಯ ಮಾತ್ರ ಸಾಲುವುದಿಲ್ಲ. ನೂರರಷ್ಟಿರುವ ಬೇಡಿಕೆಗಳಲ್ಲಿ ನಾಲ್ಕೈದು ಮಾತ್ರ ವಿವರವಾಗಿ ಚರ್ಚೆಯಾಗುತ್ತವೆ. ನಿಗದಿಯಾದ ಕೊನೆಯ ದಿನ ಉಳಿದೆಲ್ಲವನ್ನೂ ಚರ್ಚೆಯಿಲ್ಲದೆ ಒಟ್ಟಿಗೇ ಮತಕ್ಕೆ ಹಾಕುತ್ತಾರೆ. ಇದಕ್ಕೆ ಗಿಲೊಟಿನ್ ಎಂದು ಹೆಸರು. ಸದನದ ಈ ಕೊರತೆಯನ್ನು ತುಂಬಲೆಂದೇ ಇಲಾಖಾವಾರು ಸ್ಥಾಯಿ ಸಮಿತಿಗಳು ಬೇಡಿಕೆಗಳನ್ನು ಮೊದಲು ಪರಿಶೀಲಿಸುತ್ತವೆ. ಆದರೆ 2024ರಲ್ಲಿ ಹೊಸ ಲೋಕಸಭೆಯ ಸ್ಥಾಯಿ ಸಮಿತಿಗಳು ರಚನೆಯಾದದ್ದೇ ಸೆಪ್ಟೆಂಬರ್‌ನಲ್ಲಿ. ಬಜೆಟ್ ಆಗಸ್ಟ್‌ನಲ್ಲೇ ಅಂಗೀಕಾರವಾಗಿತ್ತು. ಹೀಗಾಗಿ ಆ ವರ್ಷದ ಬೇಡಿಕೆಗಳು ಸಮಿತಿಗಳ ಪರಿಶೀಲನೆಯಿಲ್ಲದೆಯೇ ಮುಂದೆ ಹೋದವು.

ಬೇಡಿಕೆಗಳಿಗೆ ಮತ ಸಿಕ್ಕಿದ ಮೇಲೆ ಧನವಿನಿಯೋಗ ವಿಧೇಯಕ ಬರುತ್ತದೆ. ರಾಜ್ಯಸಭೆ ಅದನ್ನು ಹದಿನಾಲ್ಕು ದಿನಗಳೊಳಗೆ ಹಿಂದಿರುಗಿಸಬೇಕು. ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆಯೇ ಇಡೀ ವರ್ಷದ ಹಣಕ್ಕೆ ಕಾನೂನಿನ ಬಾಗಿಲು ತೆರೆಯುತ್ತದೆ.

ಪೂರಕ ಅನುದಾನ: ದೊಡ್ಡ ಅಂಕಿಯ ಹಿಂದಿನ ಲೆಕ್ಕ

ವರ್ಷದ ನಡುವೆ ಕೊಟ್ಟ ಹಣ ಸಾಲದೆ ಹೋದರೆ, ಅಥವಾ ಬಜೆಟ್‌ನಲ್ಲಿ ಇರದ ಹೊಸ ಕೆಲಸ ಬಂದರೆ, ಸರ್ಕಾರ 115ನೇ ವಿಧಿಯಂತೆ ಮತ್ತೆ ಸದನದ ಮುಂದೆ ಬರಬೇಕು. 2024ರ ಡಿಸೆಂಬರ್‌ನಲ್ಲಿ ಮೊದಲ ಕಂತಿನ ಪೂರಕ ಬೇಡಿಕೆ ಬಂತು. ಒಟ್ಟು ಮೊತ್ತ ಸುಮಾರು 87,763 ಕೋಟಿ. 2025ರ ಮಾರ್ಚ್‌ನಲ್ಲಿ ಎರಡನೇ ಕಂತು, ಸುಮಾರು 6.78 ಲಕ್ಷ ಕೋಟಿ. ಈ ಅಂಕಿಯನ್ನು ಓದಿದವರು ಸರ್ಕಾರದ ಖರ್ಚು ಕೈಮೀರಿತು ಎಂದುಕೊಳ್ಳುವುದು ಸಹಜ.

ಆದರೆ ಅದೇ ದಾಖಲೆಯ ಮುಂದಿನ ಸಾಲನ್ನು ಓದಬೇಕು. ಮೊದಲ ಕಂತಿನಲ್ಲಿ ನಿಜವಾಗಿ ಹೊಸದಾಗಿ ಹೊರಹೋಗುವ ನಗದು ಸುಮಾರು 44,143 ಕೋಟಿ ಮಾತ್ರ. ಎರಡನೆಯದರಲ್ಲಿ ಸುಮಾರು 51,463 ಕೋಟಿ. ಉಳಿದದ್ದನ್ನು ಇಲಾಖೆಗಳ ಉಳಿತಾಯ ಅಥವಾ ಹೆಚ್ಚಿನ ಆದಾಯದಿಂದ ಸರಿದೂಗಿಸಲಾಗುತ್ತದೆ. ಉಳಿತಾಯವಿದ್ದರೂ ಸದನವನ್ನು ಯಾಕೆ ಕೇಳಬೇಕು? ಒಂದು ಬೇಡಿಕೆಯಡಿ ಮಂಜೂರಾದ ಹಣವನ್ನು ಇನ್ನೊಂದು ಬೇಡಿಕೆಗೆ ಸರ್ಕಾರ ತಾನಾಗಿ ಸರಿಸುವಂತಿಲ್ಲ. ಮನೆಯಲ್ಲಿ ಫೀಸಿಗೆಂದು ಅಮ್ಮ ಕೊಟ್ಟ ಹಣದಲ್ಲಿ ಉಳಿದದ್ದನ್ನು ಕೇಳದೆ ಮೊಬೈಲ್ ರೀಚಾರ್ಜಿಗೆ ಬಳಸಬಾರದಲ್ಲ, ಹಾಗೆಯೇ ಇದು.

ಪೂರಕ ಅನುದಾನದಿಂದ ಖರ್ಚು ಹೆಚ್ಚಲೇಬೇಕು ಎಂದೂ ಇಲ್ಲ. ಆ ವರ್ಷದ ಪರಿಷ್ಕೃತ ಅಂದಾಜು ಸುಮಾರು 47.16 ಲಕ್ಷ ಕೋಟಿ. ಅಂದರೆ ಜುಲೈನಲ್ಲಿ ಹೇಳಿದ್ದಕ್ಕಿಂತ ಸುಮಾರು ಒಂದು ಲಕ್ಷ ಕೋಟಿ ಕಡಿಮೆ. ಕೆಲವು ಕಡೆ ಹಣ ಸಾಲಲಿಲ್ಲ, ಇನ್ನು ಕೆಲವು ಕಡೆ ಅದಕ್ಕಿಂತ ಹೆಚ್ಚು ಉಳಿಯಿತು.

ಉಳಿದ ಹಣ ಎಲ್ಲಿಗೆ ಹೋಗುತ್ತದೆ?

ಮಾರ್ಚ್ 31ರ ಸಂಜೆಗೆ ಖರ್ಚಾಗದ ಮಂಜೂರಾತಿ ಅಲ್ಲಿಗೇ ಮುಗಿಯುತ್ತದೆ. ಅದು ಮುಂದಿನ ವರ್ಷಕ್ಕೆ ದಾಟುವುದಿಲ್ಲ. ಕೊನೆಯ ಗಳಿಗೆಯಲ್ಲಿ ಅವಸರದಿಂದ ಖರ್ಚು ಮಾಡಿ ಮುಗಿಸೋಣ ಎಂದರೆ ಅದಕ್ಕೂ ಕಡಿವಾಣವಿದೆ. ಕೊನೆಯ ತ್ರೈಮಾಸಿಕದಲ್ಲಿ ಶೇ. 33, ಮಾರ್ಚ್ ಒಂದರಲ್ಲೇ ಶೇ. 15 ದಾಟಬಾರದು ಎಂಬುದು ಹಣಕಾಸು ಸಚಿವಾಲಯದ ಸಾಮಾನ್ಯ ನಿಯಮ.

ನಮ್ಮಲ್ಲಿ ಹಲವರಿಗೆ ಹತ್ತಿರವಾದ ಒಂದು ಸಾಲನ್ನು ನೋಡೋಣ. 2024-25ರಲ್ಲಿ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯಕ್ಕೆ ಬಜೆಟ್ ಅಂದಾಜು 3,183.24 ಕೋಟಿ. ವಿದ್ಯಾರ್ಥಿವೇತನ ಯೋಜನೆಗಳೂ ಇದರೊಳಗೇ ಬರುತ್ತವೆ. ಅದೇ ವರ್ಷದ ಪರಿಷ್ಕೃತ ಅಂದಾಜು 1,868.18 ಕೋಟಿ. ಸುಮಾರು ಐದರಲ್ಲಿ ಎರಡು ಭಾಗ ಕಡಿಮೆಯಾಯಿತು. ಜುಲೈನ ಪತ್ರಿಕೆಯಲ್ಲಿ ಮೊದಲ ಅಂಕಿಯನ್ನಷ್ಟೇ ಓದಿದವರಿಗೆ ಇದು ಗೊತ್ತಾಗುವುದೇ ಇಲ್ಲ. ಯಾಕೆಂದರೆ ಎರಡನೇ ಅಂಕಿ ಬರುವುದು ಮುಂದಿನ ವರ್ಷದ ಬಜೆಟ್ ದಾಖಲೆಯಲ್ಲಿ.

ಈ ಇಳಿಕೆಯೊಂದರಿಂದಲೇ ಕಾರಣ ಹೇಳಲಾಗದು. ಯೋಜನೆಯ ಮುಂದುವರಿಕೆಗೆ ಒಪ್ಪಿಗೆ ತಡವಾದರೂ, ಅರ್ಜಿಗಳ ಪರಿಶೀಲನೆ ಮುಗಿಯದಿದ್ದರೂ, ಹಿಂದೆ ಬಿಡುಗಡೆಯಾದ ಹಣ ಬಳಕೆಯಾಗದೆ ಉಳಿದಿದ್ದರೂ ಅಂಕಿ ಹೀಗೇ ಕುಸಿಯುತ್ತದೆ. ಕಾರಣವನ್ನು ಸ್ಥಾಯಿ ಸಮಿತಿಯ ವರದಿಯಲ್ಲಿ ಹುಡುಕಬೇಕು. ಮಂಜೂರಾತಿಗೂ ನಿಜವಾದ ಖರ್ಚಿಗೂ ಇರುವ ಅಂತರವನ್ನು ನಂತರ ಸಿಎಜಿ ಧನವಿನಿಯೋಗ ಲೆಕ್ಕಗಳ ಮೂಲಕ ಪರಿಶೀಲಿಸುತ್ತಾರೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿಚಾರಿಸುತ್ತದೆ. ಆರಂಭದಲ್ಲಿ ಹೇಳಿದ ಮಾತು ಇಲ್ಲಿ ಮತ್ತೆ ಬರುತ್ತದೆ: ಈ ವರ್ಷ ಖರ್ಚಾಗದ ಹಣ ಮುಂದಿನ ವರ್ಷದ ಬೇಡಿಕೆಯನ್ನೂ ದುರ್ಬಲಗೊಳಿಸುತ್ತದೆ.

ಮುಂದಿನ ಫೆಬ್ರವರಿಯಲ್ಲಿ ಬಜೆಟ್ ದಾಖಲೆ ತೆರೆದಾಗ ಯಾವುದಾದರೂ ಒಂದು ಇಲಾಖೆಯ ಪುಟದಲ್ಲಿ ನಾಲ್ಕು ಕಾಲಂಗಳನ್ನು ನೋಡಿ: ಎರಡು ವರ್ಷದ ಹಿಂದಿನ ವಾಸ್ತವ ವೆಚ್ಚ, ಈ ವರ್ಷದ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಭಾಷಣದಲ್ಲಿ ಕೇಳುವುದು ನಾಲ್ಕನೆಯದನ್ನು. ಎರಡನೆಯದನ್ನೂ ಮೂರನೆಯದನ್ನೂ ಹೋಲಿಸಿದರೆ ಕಳೆದ ಬಾರಿ ಕೊಟ್ಟ ಮಾತು ಎಷ್ಟು ಉಳಿಯಿತು ಎಂಬುದು ಗೊತ್ತಾಗುತ್ತದೆ.