ಅಂಚಿನಲ್ಲಿ ಉಳಿದ ಗೋಡೆ

ಬಿಳಿ ಗೋಡೆಯ ಮುಂದೆ ತೆಗೆದ ಫೋಟೊದಿಂದ ಒಬ್ಬ ವ್ಯಕ್ತಿಯನ್ನು ಕತ್ತರಿಸಿ ಕಡುಗೆಂಪು ಹಿನ್ನೆಲೆಯ ಮೇಲೆ ಇಟ್ಟಾಗ ಕೂದಲು, ಕಿವಿ, ಭುಜಗಳ ಸುತ್ತ ತೆಳುವಾದ ಬಿಳಿ ಗೆರೆಯೊಂದು ಕಾಣಿಸಿಕೊಳ್ಳುತ್ತದೆ. ಕಪ್ಪು ಪರದೆಯ ಮುಂದೆ ತೆಗೆದ ಫೋಟೊವನ್ನು ತಿಳಿ ಆಕಾಶದ ಮೇಲೆ ಇಟ್ಟರೆ ಅದೇ ಜಾಗದಲ್ಲಿ ಮಸಿ ಬಳಿದಂತಹ ಗೆರೆ ಮೂಡುತ್ತದೆ. ಕತ್ತರಿಸಿದ ಕೈ ಒರಟಾಗಿತ್ತು ಎಂದು ಇದನ್ನು ಸಾಮಾನ್ಯವಾಗಿ ಅರ್ಥ ಮಾಡಿಕೊಳ್ಳಲಾಗುತ್ತದೆ. ಆದರೆ ಕೂದಲೆಳೆಯಷ್ಟೂ ತಪ್ಪದಂತೆ ಕತ್ತರಿಸಿದರೂ ಈ ಗೆರೆ ಉಳಿಯಬಲ್ಲದು.

ಕಾರಣ ಪಿಕ್ಸೆಲ್‌ನಲ್ಲಿದೆ. ಅಂಚಿನ ಪಿಕ್ಸೆಲ್ ಪೂರ್ತಿ ಕೂದಲೂ ಅಲ್ಲ, ಪೂರ್ತಿ ಗೋಡೆಯೂ ಅಲ್ಲ. ಕೂದಲೆಳೆ ಅದರ ಅರ್ಧ ಭಾಗವನ್ನು ಮಾತ್ರ ಮುಚ್ಚಿದ್ದರೆ ಕ್ಯಾಮೆರಾ ಎರಡರ ಬೆಳಕನ್ನೂ ಬೆರೆಸಿ ಒಂದೇ ಬಣ್ಣವಾಗಿ ದಾಖಲಿಸುತ್ತದೆ. 0 ಎಂದರೆ ಕಪ್ಪು, 255 ಎಂದರೆ ಬಿಳಿ ಎಂಬ ಅಳತೆಯಲ್ಲಿ ಕೂದಲು 40, ಗೋಡೆ 240 ಎಂದಿಟ್ಟುಕೊಂಡರೆ ಅರ್ಧ ಮುಚ್ಚಿದ ಪಿಕ್ಸೆಲ್‌ನ ಬೆಲೆ 140. ಕತ್ತರಿಸುವಾಗ ಮಾಸ್ಕ್ ಈ ಪಿಕ್ಸೆಲ್‌ಗೆ 50 ಪ್ರತಿಶತ ಪಾರದರ್ಶಕತೆಯನ್ನು ಕೊಡುತ್ತದೆ. ಅದು ಸರಿಯೇ. ಆದರೆ ಅದರೊಳಗಿನ ಬಣ್ಣ 140 ಆಗಿಯೇ ಉಳಿದಿದೆ, ಎಂದರೆ ಗೋಡೆ ಅದರಲ್ಲಿ ಇನ್ನೂ ಕೂತಿದೆ. ಹೊಸ ಹಿನ್ನೆಲೆಯ ಬೆಲೆ 60 ಆದರೆ 140ರ ಅರ್ಧ 70, 60ರ ಅರ್ಧ 30, ಒಟ್ಟು 100 ಆಗುತ್ತದೆ. ಆ ಜಾಗದಲ್ಲಿ ಇರಬೇಕಾದದ್ದು 40 ಮತ್ತು 60ರ ಮಿಶ್ರಣವಾದ 50. ಅಂಚು ಇರಬೇಕಾದ್ದಕ್ಕಿಂತ ಎರಡು ಪಟ್ಟಾಯಿತು. ಕಣ್ಣಿಗೆ ಬೀಳುವ ಬಿಳಿ ಗೆರೆ ಇದೇ.

ಹಾಗಾಗಿ ತಿದ್ದಬೇಕಾದದ್ದು ಪಾರದರ್ಶಕತೆಯನ್ನಲ್ಲ, ಅಂಚಿನ ಬಣ್ಣವನ್ನು. ಹಳೆಯ ಹಿನ್ನೆಲೆಯ ಬಣ್ಣ ಗೊತ್ತಿದ್ದರೆ ಲೆಕ್ಕವನ್ನು ಹಿಂದಕ್ಕೆ ಓಡಿಸಬಹುದು: 140ರಿಂದ ಗೋಡೆಯ ಪಾಲಾದ 120ನ್ನು ಕಳೆದು, ಉಳಿದ 20ನ್ನು 0.5ರಿಂದ ಭಾಗಿಸಿದರೆ ಕೂದಲಿನ ನಿಜವಾದ 40 ಸಿಗುತ್ತದೆ. ಫೋಟೋಶಾಪ್‌ನ `Layer > Matting` ಕೆಳಗಿರುವ `Remove White Matte` ಮತ್ತು `Remove Black Matte` ಇದೇ ಬಗೆಯ ಕೆಲಸವನ್ನು ಅಚ್ಚ ಬಿಳಿ, ಅಚ್ಚ ಕಪ್ಪು ಹಿನ್ನೆಲೆಗಳಿಗೆ ಮಾಡುತ್ತವೆ. ಆದರೆ ಗೋಡೆ ನಿಜವಾಗಿ ಅಚ್ಚ ಬಿಳಿಯಾಗಿರುವುದು ಅಪರೂಪ. ಒಂದು ಮೂಲೆಯಲ್ಲಿ ಹಳದಿ, ಇನ್ನೊಂದರಲ್ಲಿ ನೆರಳು. ಅದಕ್ಕಿಂತ ದೊಡ್ಡ ತೊಡಕು ತೀರ ತೆಳುವಾದ ಎಳೆಗಳದ್ದು. ಕೂದಲು ಪಿಕ್ಸೆಲ್‌ನ ಹತ್ತನೇ ಒಂದು ಭಾಗವನ್ನಷ್ಟೇ ಮುಚ್ಚಿದ್ದರೆ ಭಾಗಿಸುವುದು 0.1ರಿಂದ, ಫೋಟೊದಲ್ಲಿ 2ರಷ್ಟು ತಪ್ಪಿದ್ದರೆ ಅದು ಉತ್ತರದಲ್ಲಿ 20 ಆಗಿ ಉಬ್ಬುತ್ತದೆ. ಎಳೆಗಳ ತುದಿಯಲ್ಲಿ ಬಣ್ಣಬಣ್ಣದ ಚುಕ್ಕೆಗಳು ಹುಟ್ಟುವುದು ಹೀಗೆ.

ಆದ್ದರಿಂದ ಹೆಚ್ಚು ಬಳಕೆಯಲ್ಲಿರುವುದು ಇನ್ನೊಂದು ದಾರಿ. ಅಂಚಿನ ಪಿಕ್ಸೆಲ್‌ನ ಬಣ್ಣವನ್ನು ಬಿಟ್ಟು, ಅದರ ಒಳಬದಿಯಲ್ಲಿರುವ ಪೂರ್ತಿ ಕೂದಲಿನ ಪಿಕ್ಸೆಲ್‌ನಿಂದ ಬಣ್ಣವನ್ನು ಹೊರಕ್ಕೆ ಎಳೆದು ತರಲಾಗುತ್ತದೆ, ಪಾರದರ್ಶಕತೆ ಇದ್ದಂತೆಯೇ ಇರುತ್ತದೆ. `Defringe` ಮಾಡುವುದು ಇದನ್ನೇ; 1 ಅಥವಾ 2 ಪಿಕ್ಸೆಲ್ ಅಗಲ ಸಾಮಾನ್ಯವಾಗಿ ಸಾಕು. `Select and Mask` ಕಿಟಕಿಯಲ್ಲಿರುವ `Decontaminate Colors` ಇದೇ ಕೆಲಸವನ್ನು ಮೆತ್ತನೆಯ ಅಂಚಿನ ಉದ್ದಕ್ಕೂ ಮಾಡುತ್ತದೆ. ಅದು ಪಿಕ್ಸೆಲ್‌ಗಳ ಬಣ್ಣವನ್ನೇ ಬದಲಿಸುವುದರಿಂದ ಫಲಿತಾಂಶ ಹೊಸ ಲೇಯರ್‌ಗೆ ಬರುತ್ತದೆ, ಮೂಲ ಲೇಯರ್ ಹಾಗೆಯೇ ಉಳಿಯುತ್ತದೆ.

ಕೈಯಿಂದ ಮಾಡುವ ವಿಧಾನವೇ ಹೆಚ್ಚು ನಂಬಿಕೆಗೆ ಅರ್ಹ. ಕಪ್ಪು ಕೂದಲಿಗೆ ಮಲ್ಲಿಗೆ ಮುಡಿದ ಮಹಿಳೆಯ ಫೋಟೊ, ಹಿಂದೆ ಸುಣ್ಣದ ಗೋಡೆ ಎಂದುಕೊಳ್ಳಬಹುದು. ಮಾಸ್ಕ್ ಹಾಕಿದ ಲೇಯರ್‌ನ ಮೇಲೆ ಒಂದು ಖಾಲಿ ಲೇಯರ್ ಸೇರಿಸಿ, ಅದನ್ನು ಕೆಳಗಿನದಕ್ಕೆ ಕ್ಲಿಪ್ ಮಾಡಬೇಕು. ವಿಂಡೋಸ್‌ನಲ್ಲಿ ಅದರ ಕೀಲಿ `Ctrl+Alt+G`. ಕ್ಲಿಪ್ ಆದ ಲೇಯರ್‌ನಲ್ಲಿ ಬಳಿದ ಬಣ್ಣ ಕೆಳಗಿನ ಆಕಾರವನ್ನು ಮೀರಿ ಹೊರಗೆ ಹೋಗಲಾರದು. ಬಳಿಕ ಒಳಗಿನ ಕೂದಲಿನಿಂದ ಬಣ್ಣ ಎತ್ತಿಕೊಂಡು ಮೆತ್ತನೆಯ ಬ್ರಷ್‌ನಿಂದ ಬಿಳಿ ಗೆರೆಯ ಮೇಲೆ ಸವರಿದರೆ ಎಳೆಗಳ ಸಣ್ಣತನ ಕೆಡದೆ ಗೋಡೆಯ ಬಿಳುಪು ಮಾತ್ರ ಮಾಯವಾಗುತ್ತದೆ. ನೆತ್ತಿಯಲ್ಲಿ ಬೆಳಕು ಬಿದ್ದ ಕೂದಲು ಕಂದಾಗಿರುತ್ತದೆ, ಕತ್ತಿನ ಹತ್ತಿರ ಕಡುಗಪ್ಪು. ಆದ್ದರಿಂದ ಪ್ರತಿ ಒಂದೆರಡು ಇಂಚಿಗೊಮ್ಮೆ ಬಣ್ಣವನ್ನು ಹೊಸದಾಗಿ ಎತ್ತಿಕೊಳ್ಳಬೇಕು. ಮಲ್ಲಿಗೆ ಬಂದಲ್ಲಿ ಬ್ರಷ್ ನಿಲ್ಲಬೇಕು. ಅಲ್ಲಿನ ಬಿಳುಪು ಹೂವಿನದ್ದು. ತಂತಾನೆ ನಡೆಯುವ ಆದೇಶಗಳು ಎಡವುವುದು ಇಲ್ಲಿಯೇ: ಅವು ಪಕ್ಕದ ಕೂದಲಿನ ಕಪ್ಪನ್ನು ಹೂವಿನ ಎಸಳುಗಳ ಮೇಲೆ ಎಳೆದು ಮಲ್ಲಿಗೆಯನ್ನು ಬಾಡಿಸಿಬಿಡುತ್ತವೆ.

ಭುಜ, ತೋಳು, ಕೋಟಿನ ಅಂಚು ಇಷ್ಟು ನಾಜೂಕಲ್ಲ. ಅಲ್ಲಿ ಮಾಸ್ಕನ್ನೇ ಒಂದು ಪಿಕ್ಸೆಲ್ ಒಳಕ್ಕೆ ಸರಿಸಿದರೆ ಕಲಬೆರಕೆಯ ಪಟ್ಟಿ ಕತ್ತರಿಸಿಹೋಗುತ್ತದೆ. ಫೋಟೋಶಾಪ್‌ನಲ್ಲಿ ಮಾಸ್ಕ್ ಆಯ್ದು `Filter > Other > Minimum`, ಜಿಂಪ್‌ನಲ್ಲಿ `Alpha to Selection` ಬಳಿಕ `Select > Shrink` ಇದಕ್ಕೆ ಒದಗುತ್ತವೆ. ಇದನ್ನೇ ಕೂದಲಿಗೂ ಮಾಡುವುದು ದೊಡ್ಡ ತಪ್ಪು. ಒಂಟಿ ಎಳೆಯ ಅಗಲವೇ ಒಂದು ಪಿಕ್ಸೆಲ್ ಇದ್ದರೆ ಎಳೆಯೇ ಉಳಿಯುವುದಿಲ್ಲ, ತಲೆ ಟೋಪಿ ಹಾಕಿದಂತೆ ಕಾಣುತ್ತದೆ.

ಕಪ್ಪು ಗೆರೆಗೆ ಇನ್ನೊಂದು ಮೂಲವೂ ಇದೆ, ಮತ್ತು ಅದಕ್ಕೂ ಹಳೆಯ ಹಿನ್ನೆಲೆಗೂ ಸಂಬಂಧವೇ ಇಲ್ಲ. ಪೂರ್ತಿ ಪಾರದರ್ಶಕವಾದ ಪಿಕ್ಸೆಲ್‌ಗೂ ಕಡತದೊಳಗೆ ಒಂದು ಬಣ್ಣ ಇರುತ್ತದೆ, ಹೆಚ್ಚಾಗಿ ಕಪ್ಪು. ಚಿತ್ರವನ್ನು ಚಿಕ್ಕದು ಮಾಡುವಾಗ ತಂತ್ರಾಂಶ ಬಣ್ಣವನ್ನೂ ಪಾರದರ್ಶಕತೆಯನ್ನೂ ಬೇರೆಬೇರೆಯಾಗಿ ಸರಾಸರಿ ಮಾಡಿದರೆ 240ರ ಬಿಳಿ ಅಂಗಿ ಆ ಕಾಣದ ಕಪ್ಪಿನೊಂದಿಗೆ ಸೇರಿ 120ರ ಬೂದು ಗೆರೆಯಾಗುತ್ತದೆ. ಬಣ್ಣವನ್ನು ಮೊದಲು ಪಾರದರ್ಶಕತೆಯ ಬೆಲೆಯಿಂದ ಗುಣಿಸಿಟ್ಟು ಆಮೇಲೆ ಲೆಕ್ಕ ಮಾಡಿದರೆ ಈ ದೋಷ ಬರುವುದಿಲ್ಲ. ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಪ್ರಕಟಿಸಿದ, ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಬಗೆಗಿನ ಪ್ರಸಿದ್ಧ ಪ್ರಬಂಧ ನಿಂತಿರುವುದು ಈ ಗುಣಿಸಿಟ್ಟ ರೂಪದ ಮೇಲೆಯೇ. ಮೂಲ ಅಳತೆಯಲ್ಲಿ ಸರಿಯಾಗಿದ್ದ ಅಂಚು ಚಿಕ್ಕದು ಮಾಡಿದ ಮೇಲಷ್ಟೇ ಕಪ್ಪಾದರೆ ಕಾರಣ ಇದೇ ಇರಬಹುದು ಎಂದು ಶಂಕಿಸಬೇಕು.

ಕೆಲಸ ಮುಗಿಯಿತೇ ಎಂದು ತಿಳಿಯಲು ಕತ್ತರಿಸಿದ ಚಿತ್ರದ ಕೆಳಗೆ ಸರದಿಯಂತೆ ಕಪ್ಪು, ಬಿಳಿ ಮತ್ತು ನಡು ಬೂದು ಬಣ್ಣದ ಲೇಯರ್ ಇಟ್ಟು 100 ಪ್ರತಿಶತ ಗಾತ್ರದಲ್ಲಿ ನೋಡಬೇಕು. ಬಿಳಿ ಗೆರೆ ಕಪ್ಪಿನ ಮೇಲೆ, ಕಪ್ಪು ಗೆರೆ ಬಿಳಿಯ ಮೇಲೆ ಎದ್ದು ಕಾಣುತ್ತದೆ. ಹೊಸ ಹಿನ್ನೆಲೆಯ ಮೇಲಷ್ಟೇ ನೋಡಿ ತೃಪ್ತಿಪಟ್ಟರೆ, ಮುಂದೆ ಹಿನ್ನೆಲೆ ಬದಲಾದಾಗ ಅಡಗಿದ್ದ ಗೆರೆ ಹೊರಬರುತ್ತದೆ.

ಕೆಲವು ಗೆರೆಗಳು ಫೋಟೊದಲ್ಲಿಯೇ ಹುಟ್ಟಿರುತ್ತವೆ. ಫೋನ್ ಕ್ಯಾಮೆರಾಗಳು ಚಿತ್ರವನ್ನು ಚೂಪಾಗಿಸುವಾಗ ಅಂಚಿನ ಒಂದು ಬದಿಯನ್ನು ಬೆಳಗಿಸಿ ಇನ್ನೊಂದನ್ನು ಕಪ್ಪಾಗಿಸುತ್ತವೆ. ಜೆಪೆಗ್ ಕಡತಗಳು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ವರ್ಣವನ್ನು ಉಳಿಸುವುದರಿಂದ ಗೋಡೆಯ ಬಣ್ಣ ಅಂಚನ್ನು ದಾಟಿ ಒಳಕ್ಕೂ ಹಬ್ಬುತ್ತದೆ. ಸಂದೇಶದಲ್ಲಿ ಬಂದ ಪ್ರತಿಯ ಬದಲು ಕ್ಯಾಮೆರಾದ ಮೂಲ ಕಡತವನ್ನೇ ಕೇಳಿ ಪಡೆಯುವುದು ಒಳ್ಳೆಯದು. ಗೋಡೆಯಿಂದ ಪುಟಿದ ಬೆಳಕು ಕೆನ್ನೆ, ಭುಜಗಳ ಮೇಲೆ ನಿಜವಾಗಿಯೇ ಬಿದ್ದಿದ್ದರೆ ಆ ಹೊಳಪು ಅಂಚಿನ ಒಂದೆರಡು ಪಿಕ್ಸೆಲ್‌ಗೆ ಸೀಮಿತವಾಗಿರದೆ ಚರ್ಮದ ಮೇಲೆ ಅಗಲವಾಗಿ ಹರಡಿರುತ್ತದೆ. ಅದನ್ನು ಯಾವ ಮಾಸ್ಕೂ ತೆಗೆಯಲಾರದು. ಫೋಟೊ ತೆಗೆಯುವಾಗಲೇ ವ್ಯಕ್ತಿಯನ್ನು ಗೋಡೆಯಿಂದ ಐದಾರು ಅಡಿ ಮುಂದಕ್ಕೆ ಕೂರಿಸಿದರೆ ಆ ಬೆಳಕು ಬಹುಮಟ್ಟಿಗೆ ತಗ್ಗುತ್ತದೆ.