ಟಿಕೆಟ್ಟಿನ ಬೆನ್ನ ಮೇಲೆ ಕಟ್ಟಿದ ನಗು

ದಟ್ಟಣೆಯ ಹೊತ್ತಿನ ಪ್ರಯಾಣ ಸ್ಟ್ಯಾಂಡ್‌ಅಪ್ ಕಾಮಿಡಿಗೆ ಸುಲಭವಾಗಿ ಸಿಗುವ, ಅಷ್ಟೇ ಸುಲಭವಾಗಿ ಕೈಕೊಡುವ ವಸ್ತು. ಬೆಂಗಳೂರಿನ ವೇದಿಕೆಯಲ್ಲಿ ಸಿಲ್ಕ್ ಬೋರ್ಡಿನ ಟ್ರಾಫಿಕ್ಕನ್ನು ಬೈದರೆ ಸಭೆ ಹೌದೌದು ಎಂದು ತಲೆಯಾಡಿಸುತ್ತದೆ, ನಗುವುದಿಲ್ಲ. ಎಲ್ಲರಿಗೂ ಗೊತ್ತಿರುವ ದೂರಿನಲ್ಲಿ ಮುಂದೇನಾಗುತ್ತದೆ ಎಂಬ ಕುತೂಹಲಕ್ಕೆ ಜಾಗವಿರುವುದಿಲ್ಲ. ಆದ್ದರಿಂದ ಈ ಬಗೆಯ ಸ್ಕ್ರಿಪ್ಟ್ ಬರೆಯುವವರು ಮೊದಲು ವಿಷಯವನ್ನು ಕುಗ್ಗಿಸುತ್ತಾರೆ. ಓಪನ್ ಮೈಕ್‌ನಲ್ಲಿ ಹೊಸಬರಿಗೆ ಸಿಗುವುದು ಸಾಮಾನ್ಯವಾಗಿ ಐದು ನಿಮಿಷ. ಅಷ್ಟರಲ್ಲಿ ಬಸ್ಸು, ಮೆಟ್ರೊ, ಆಟೊ ಮೂರನ್ನೂ ಮುಟ್ಟಲು ಹೋದರೆ ಯಾವುದೂ ಏರುವುದಿಲ್ಲ. ಒಂದು ಬಸ್ಸು, ಒಬ್ಬ ಮನುಷ್ಯ, ಅವನಿಗೆ ಬೇಕಾದ ಒಂದು ಸಣ್ಣ ಸಂಗತಿ ಸಾಕು.

ಬಿಎಂಟಿಸಿ ಬಸ್ಸಿನಲ್ಲಿ ಆ ಸಂಗತಿ ಚಿಲ್ಲರೆ. ದೊಡ್ಡ ನೋಟು ಕೊಟ್ಟವನಿಗೆ ಕಂಡಕ್ಟರ್ ಬಾಕಿ ಹಣವನ್ನು ಟಿಕೆಟ್ಟಿನ ಹಿಂದೆ ಪೆನ್ನಿನಲ್ಲಿ ಗೀಚಿ, ‘ಇಳಿಯೋವಾಗ ಇಸ್ಕೊಳ್ಳಿ’ ಎನ್ನುವುದು ವರ್ಷಗಳಿಂದ ಇರುವ ರೂಢಿ. ಸ್ಕ್ರಿಪ್ಟಿನ ಮೊದಲ ಮೆಟ್ಟಿಲು ಇದೇ. ಇಲ್ಲಿ ಉತ್ಪ್ರೇಕ್ಷೆ ಬೇಡ. ‘ಐನೂರರ ನೋಟು ಕೊಟ್ಟೆ. ಟಿಕೆಟ್ಟಿನ ಹಿಂದೆ ನಾನೂರ ಎಂಬತ್ತು ಅಂತ ಬರೆದುಕೊಟ್ರು.’ ಕೇಳುವವರು ತಮ್ಮದೇ ಜೇಬು ಮುಟ್ಟಿ ನೋಡಿಕೊಳ್ಳುವಷ್ಟು ನಿಜವಾಗಿದ್ದರೆ, ಮುಂದಿನ ಸುಳ್ಳುಗಳನ್ನೂ ನಂಬಲು ಅವರು ಸಿದ್ಧರಾಗುತ್ತಾರೆ.

ಎರಡನೆಯ ಮೆಟ್ಟಿಲಲ್ಲಿ ಬಸ್ಸು ತುಂಬುತ್ತದೆ. ಕಂಡಕ್ಟರ್ ಮುಂಬಾಗಿಲಲ್ಲಿ, ಪ್ರಯಾಣಿಕ ಹಿಂಬಾಗಿಲಲ್ಲಿ. ಟಿಕೆಟ್ಟು ಕೈಯಿಂದ ಕೈಗೆ ಮುಂದೆ ಹೋಗುತ್ತದೆ. ದುಡ್ಡು ಮಾತ್ರ ಹಿಂದೆ ಬರುವುದಿಲ್ಲ. ಬರುವುದು ‘ಇನ್ನೂ ಚಿಲ್ಲರೆ ಆಗಿಲ್ವಂತೆ’ ಎಂಬ ಸುದ್ದಿ, ಅದೂ ಹನ್ನೆರಡು ಜನರ ಬಾಯಿ ದಾಟಿ. ಮೂರನೆಯದರಲ್ಲಿ ಅವನ ಸ್ಟಾಪ್ ಬಂದು ಹೋಗುತ್ತದೆ. ದುಡ್ಡು ಬಿಟ್ಟು ಇಳಿಯಲು ಮನಸ್ಸಿಲ್ಲ. ನಾಲ್ಕನೆಯದರಲ್ಲಿ ಕೊನೆಯ ಸ್ಟಾಪ್, ಆಮೇಲೆ ಡಿಪೊ. ಐದನೆಯದರಲ್ಲಿ ಅವನು ದಿನಾ ಅದೇ ಬಸ್ಸಿಗೆ ಬರತೊಡಗುತ್ತಾನೆ, ಕಂಡಕ್ಟರಿಗೂ ಅವನಿಗೂ ಸಲುಗೆ ಬೆಳೆಯುತ್ತದೆ, ಕಂಡಕ್ಟರ್ ಮಗಳ ಮದುವೆಗೆ ಕರೆಯುತ್ತಾರೆ. ಅವನು ಹೋಗುತ್ತಾನೆ. ಉಂಡು, ಮುಯ್ಯಿ ಕವರನ್ನು ವಧುವಿನ ಕೈಗಿಡುತ್ತಾನೆ. ಅದರೊಳಗೆ ಅದೇ ಟಿಕೆಟ್ಟು.

ಇಷ್ಟು ದೂರ ಬಂದರೂ ಅವನಿಗೆ ಬೇಕಾದದ್ದು ಬದಲಾಗಿಲ್ಲ ಎಂಬುದನ್ನು ಗಮನಿಸಬೇಕು. ಏರುತ್ತಾ ಹೋಗುವುದು ಅದಕ್ಕಾಗಿ ಅವನು ತೆರುವ ಬೆಲೆ: ಮೊದಲು ಸಹನೆ, ಆಮೇಲೆ ಸ್ಟಾಪು, ಆಮೇಲೆ ಒಂದಿಡೀ ದಿನ, ಕೊನೆಗೆ ಬದುಕು. ಪ್ರತಿ ಹೆಜ್ಜೆಯೂ ಹಿಂದಿನದರಿಂದಲೇ ಹುಟ್ಟಬೇಕು. ಡಿಪೊವನ್ನು ಕತ್ತರಿಸಿ ನೇರವಾಗಿ ಮದುವೆ ಮನೆಗೆ ಹಾರಿದರೆ ಸಭೆ ಹಿಂದೆಯೇ ಉಳಿಯುತ್ತದೆ. ಹೊಸಬರು ಬಹುಮಟ್ಟಿಗೆ ಎಡವುವುದು ಇಲ್ಲೇ. ಏರಿಕೆಯೆಂದರೆ ದನಿ ಏರಿಸುವುದು ಎಂದುಕೊಂಡವರೂ ಇದ್ದಾರೆ. ಮದುವೆಯ ಮಾತನ್ನು ಬಸ್ಸಿನ ಮಾತಿನಷ್ಟೇ ತಣ್ಣಗೆ ಹೇಳಿದರೆ ಹೆಚ್ಚು ಕೆಲಸ ಮಾಡುತ್ತದೆ.

ವಾಕ್ಯದ ಜೋಡಣೆಗೂ ಇದರಲ್ಲಿ ಪಾಲಿದೆ. ನಗಿಸುವ ಪದ ಕೊನೆಗೆ ಬರಬೇಕು, ಅದರ ನಂತರ ಒಂದು ಪದ ಬಂದರೂ ಅದು ನಗುವಿನ ಮೇಲೆ ಬೀಳುತ್ತದೆ. ಬರಹದ ಕನ್ನಡದಲ್ಲಿ ಕೊನೆಯ ಜಾಗ ಕ್ರಿಯಾಪದದ್ದು. ‘ಕವರಲ್ಲಿ ಟಿಕೆಟ್ಟು ಇಟ್ಟಿದ್ದೆ’ ಎಂದರೆ ಗುಟ್ಟು ನಡುವೆಯೇ ಒಡೆದುಹೋಗುತ್ತದೆ. ಆಡುಮಾತು ಇಷ್ಟು ಕಟ್ಟುನಿಟ್ಟಲ್ಲ, ‘ಕವರಲ್ಲಿ ಇಟ್ಟಿದ್ದೆ... ಟಿಕೆಟ್ಟು’ ಎನ್ನಬಹುದು. ಸ್ಕ್ರಿಪ್ಟನ್ನು ಬರೆದು ಬಾಯಿಪಾಠ ಮಾಡುವುದಕ್ಕಿಂತ ಮೊದಲು ಹೇಳಿ, ಆಮೇಲೆ ಬರೆದುಕೊಳ್ಳುವವರಿಗೆ ಈ ಸಲೀಸು ತಾನಾಗಿ ಬರುತ್ತದೆ.

ಎಲ್ಲಿ ಸೋತಿತೆಂದು ತಿಳಿಯಲು ಪ್ರದರ್ಶನವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳುವುದು ವಾಡಿಕೆ. ನಾಲ್ಕನೆಯ ಮೆಟ್ಟಿಲಿನ ನಗು ಮೂರನೆಯದಕ್ಕಿಂತ ಚಿಕ್ಕದಾಗಿದ್ದರೆ ಆ ಮೆಟ್ಟಿಲು ಬರೀ ದೂರವನ್ನು ಹೆಚ್ಚಿಸಿದೆ, ಕಷ್ಟವನ್ನು ಹೆಚ್ಚಿಸಿಲ್ಲ. ಡಿಪೊಗೆ ಹೋಗಿದ್ದು ಹಾಗಾಗಬಹುದು. ಆಗ ಡಿಪೊದಲ್ಲಿ ಕಂಡಕ್ಟರ್ ಡ್ಯೂಟಿ ಬದಲಾಗಿ, ಬೇರೊಬ್ಬರು ‘ಇದು ನನ್ನ ಕೈಬರಹ ಅಲ್ಲ’ ಎನ್ನುವಂತೆ ಮಾಡಿದರೆ ಅದೇ ಜಾಗ ಮತ್ತೆ ಏರುತ್ತದೆ. ಎರಡು ಮೂರು ಬೇರೆ ಬೇರೆ ಸಭೆಗಳಲ್ಲೂ ಒಂದೇ ಕಡೆ ಮೌನ ಬಿದ್ದರೆ ಮಾತ್ರ ಕತ್ತರಿ ಹಾಕುವುದು ಒಳ್ಳೆಯದು. ಒಂದು ರಾತ್ರಿಯ ಮೌನಕ್ಕೆ ಮೈಕಿನ ಗರಗರವೂ ಕಾರಣವಾಗಿರಬಹುದು.

ಈ ವಸ್ತುವಿಗೆ ಆಯುಷ್ಯವೂ ಉಂಟು. ಬಿಎಂಟಿಸಿ ಬಸ್ಸುಗಳಲ್ಲಿ ಈಗ ಕ್ಯೂಆರ್ ಕೋಡ್ ತೋರಿಸಿ ಯುಪಿಐ ಮೂಲಕ ಹಣ ಪಡೆಯುವ ವ್ಯವಸ್ಥೆ ಬಂದಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಉಚಿತ. ಸಭೆಯ ಅರ್ಧಕ್ಕರ್ಧ ಜನ ಚಿಲ್ಲರೆಗಾಗಿ ಕಾಯುವುದನ್ನು ಮರೆತಿದ್ದರೆ, ಟಿಕೆಟ್ಟಿನ ಹಿಂದೆ ಬರೆಯುವುದೆಂದರೇನೆಂದು ವಿವರಿಸಬೇಕಾಗುತ್ತದೆ, ವಿವರಿಸುವಷ್ಟರಲ್ಲಿ ಮೊದಲ ಮೆಟ್ಟಿಲು ಸವೆದಿರುತ್ತದೆ. ಅನುಭವಸ್ಥರು ಆಗ ಕತೆಯ ಚೌಕಟ್ಟನ್ನು ಉಳಿಸಿಕೊಂಡು ಬೇಕಾದ ವಸ್ತುವನ್ನಷ್ಟೇ ಬದಲಿಸುತ್ತಾರೆ: ಚಿಲ್ಲರೆಯ ಜಾಗದಲ್ಲಿ, ತುಂಬಿದ ಬಸ್ಸಿನ ನಡುವೆ ನೆಟ್‌ವರ್ಕ್ ಸಿಗದೆ ತಿರುಗುತ್ತಲೇ ಇರುವ ಪೇಮೆಂಟಿನ ಚಕ್ರ.